ಎರಡನೇ ಟೇಕ್

ರಾತ್ರಿ ಹನ್ನೆರಡು ಆಗುವುದನ್ನೇ ಕಾಯ್ತಾ ಕೂತಿದ್ದೆ. ಹನ್ನೆರಡಕ್ಕೆ ನನ್ನ ಫೋನಿಗೆ ಹೊಸ ದಿನದ ಒಂದೂವರೆ ಜಿಬಿ ಬರುತ್ತದೆ. ಹಾಸ್ಟೆಲ್ ವೈಫೈ ಹತ್ತೂವರೆಗೇ ಬಂದ್. ವಿಡಿಯೊ 840 ಎಂಬಿ ಇತ್ತು, ಉಳಿದಿದ್ದ ಡೇಟಾದಲ್ಲಿ ಅದರ ಕಾಲು ಭಾಗ ಕೂಡ ಹೋಗುತ್ತಿರಲಿಲ್ಲ.

12:01ಕ್ಕೆ ಅಪ್‌ಲೋಡ್ ಒತ್ತಿದೆ. ರೂಮಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಕಿಟಕಿಯ ಎರಡು ಸರಳುಗಳ ಮಧ್ಯೆ ಫೋನ್ ಸಿಗಿಸಿ, ಬೀಳದ ಹಾಗೆ ಪಕ್ಕಕ್ಕೆ ಟವೆಲ್ ತುರುಕಿ, ಮಂಚದ ತುದಿಗೆ ಕೂತೆ. ಏಪ್ರಿಲ್ ತಿಂಗಳ ವಿಜಯಪುರ, ಕಿಟಕಿಯಿಂದ ಬರುವ ಗಾಳಿಯೂ ಒಲೆಯ ಮುಂದೆ ಕೂತ ಹಾಗೇ ಇತ್ತು.

"ಮಲ್ಕೋ ಭಾಗ್ಯಾ. ನೀ ನೋಡ್ಕೋತ ಕುಂತ್ರ ಜಲ್ದಿ ಹೊಕ್ಕೈತೇನ ಅದು?" ಅಂದಳು ರೇಣುಕಾ, ಕಣ್ಣು ಮುಚ್ಚಿಕೊಂಡೇ.

"ಬೆಳಿಗ್ಗೆ ಎಂಟಕ್ಕ ಫಾರ್ಮ್ ಬಂದ್ ಆಗ್ತೈತಿ, ರೇಣು."

ಆ ಫಾರ್ಮಿನಲ್ಲಿ ವಿಡಿಯೊ ಲಿಂಕ್ ಹಾಕಬೇಕು. ಜಾನಪದ ನೃತ್ಯ ಸ್ಪರ್ಧೆ, ಮೊದಲ ಸುತ್ತು ಬರೀ ವಿಡಿಯೊ ಮೇಲೆ. ನಿಯಮದಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ಕಾಪಿರೈಟ್ ಕ್ಲೇಮ್ ಇರುವ ವಿಡಿಯೊ ತೆಗೆದುಕೊಳ್ಳುವುದಿಲ್ಲ.

ಆ ಸಾಲು ನನಗೆ ಒಂದು ವಾರದ ಹಿಂದೆಯೇ ಬಿಸಿ ಮುಟ್ಟಿಸಿತ್ತು. ನಾನು ಕುಣಿದದ್ದು ಬೀಸುವ ಪದಕ್ಕೆ. ನಮ್ಮ ಆಯಿ ಜೋಳ ಬೀಸುವಾಗ ಹಾಡುತ್ತಿದ್ದ ಪದ ಅದು, ಅವಳಿಗೆ ಅವಳ ಅತ್ತೆಯಿಂದ ಬಂದದ್ದು, ಅದಕ್ಕೂ ಹಿಂದೆ ಯಾರಿಂದಲೋ. ಯಾರು ಕಟ್ಟಿದ್ದು ಅಂತ ನಮ್ಮೂರಲ್ಲಿ ಯಾರೂ ಕೇಳಿಲ್ಲ. ಅದೇ ಪದವನ್ನು ಯಾರೋ ಸ್ಟುಡಿಯೊದಲ್ಲಿ ಚಂದ ಹಾಡಿದ್ದು ನೆಟ್‌ನಲ್ಲಿ ಸಿಕ್ಕಿತು. ಅದನ್ನೇ ಇಳಿಸಿಕೊಂಡು ಕುಣಿದು ಹಾಕಿದೆ. ಹತ್ತು ನಿಮಿಷಕ್ಕೆ ಕ್ಲೇಮ್ ಬಂತು.

ಅವತ್ತು ನಾನು ಅತ್ತುಬಿಟ್ಟೆ. ನಮ್ಮ ಆಯಿಯ ಹಾಡಿಗೆ ಇನ್ಯಾರೋ ಹಕ್ಕು ಹೇಳುವುದೆಂದರೇನು? ಮೂರನೇ ಮಹಡಿಯ ಪತ್ರಿಕೋದ್ಯಮದ ಅಕ್ಕ ಒಬ್ಬರು ಕೂರಿಸಿಕೊಂಡು ತಿಳಿಸಿ ಹೇಳಿದರು. ಪದ ಯಾರದ್ದೂ ಅಲ್ಲ, ಸರಿ. ಆದರೆ ಆ ಹಾಡಿಕೆ, ಆ ರೆಕಾರ್ಡಿಂಗ್ ಇದೆಯಲ್ಲ, ಅದಕ್ಕೆ ಒಡೆಯರಿದ್ದಾರೆ. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗ್ ಹೊರಬಂದ ಮೇಲೆ 60 ವರ್ಷ ಅದು ಅವರದೇ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಅಂತ ಒಂದು ವ್ಯವಸ್ಥೆ ಇರುತ್ತದೆ, ಒಡೆಯರು ಕೊಟ್ಟ ಹಾಡುಗಳ ಜೊತೆ ನಾವು ಹಾಕಿದ ವಿಡಿಯೊದ ಸದ್ದನ್ನು ಅದು ಹೋಲಿಸಿ ನೋಡುತ್ತದೆ. "ಕ್ಲೇಮ್ ಬಂತಂತ ಹೆದರಬ್ಯಾಡ. ಅದು ಸ್ಟ್ರೈಕ್ ಅಲ್ಲ. ತೊಂಬತ್ತು ದಿನದಾಗ ಮೂರು ಸ್ಟ್ರೈಕ್ ಬಂದ್ರ ಚಾನೆಲ್ ಹೊಕ್ಕೈತಿ, ಕ್ಲೇಮಿಗೆ ಹಂಗಿಲ್ಲ," ಅಂದರು. ತಕರಾರು ಹಾಕಬಹುದಾ ಅಂತ ಕೇಳಿದೆ. ಹಾಕಬಹುದು, ಆದರೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅದಕ್ಕಿಂತ ಮೊದಲನೆಯದಾಗಿ ರೆಕಾರ್ಡಿಂಗ್ ಅವರದು ಹೌದು ತಾನೇ, ಯಾವ ಬಾಯಿಂದ ತಕರಾರು ಹಾಕಲಿ?

ಆಗಲೇ ರೇಣುಕಾ, "ನಾ ಹಾಡ್ತೀನಿ ತಗೋ" ಅಂದದ್ದು.

ಆಯಿಗೆ ಫೋನ್ ಮಾಡಿ ಪದ ಪೂರ್ತಿ ಕೇಳಿ ಬರೆದುಕೊಂಡೆವು. ಬೀಸುಕಲ್ಲು ಹಾಸ್ಟೆಲ್‌ಗೆ ಎಲ್ಲಿಂದ ಬರಬೇಕು? ಮೆಸ್ಸಿನ ಅಕ್ಕನ ಹತ್ತಿರ ಎರಡು ಹಿಡಿ ಜೋಳ ಇಸ್ಕೊಂಡು, ಪರಾತದಲ್ಲಿ ಹಾಕಿ, ಅದರ ಮೇಲೆ ಒಂದು ಬಟ್ಟಲು ಬೋರಲಾಗಿ ಇಟ್ಟು ತಿರುಗಿಸಿದಳು ಮೆಹರು. ಗರ್ರ್ ಅಂತ ಒಂದು ಸುತ್ತು, ಗರ್ರ್ ಅಂತ ಇನ್ನೊಂದು ಸುತ್ತು. ಕಣ್ಣು ಮುಚ್ಚಿಕೊಂಡರೆ ನಮ್ಮ ಮನೆಯ ಪಡಸಾಲೆಯೇ. ನಾನು ಅವ್ವನ ಇಳಕಲ್ ಸೀರೆ, ಖಣದ ಕುಪ್ಪಸ ತೊಟ್ಟು, ಸಂಜೆ ಆರಕ್ಕೆ ಹಾಸ್ಟೆಲ್ ಮಾಳಿಗೆ ಮೇಲೆ ಕುಣಿದೆ. ಮೆಹರು ಬಟ್ಟಲು ತಿರುಗಿಸುವುದರ ಜೊತೆಗೆ ಎದುರಿಗೆ ಇಟ್ಟಿಗೆಗೆ ಒರಗಿಸಿದ್ದ ಫೋನಿನ ಮೇಲೂ ಕಣ್ಣಿಟ್ಟಿದ್ದಳು. ಹಿಂದೆ ದೂರದಲ್ಲಿ ಗೋಳಗುಮ್ಮಟ, ಮೇಲೆ ಕೆಂಪು ಬಾನು. ಎರಡು ಟೇಕ್ ತೆಗೆದೆವು. ಮೊದಲನೆಯದು ಒಂದು ತಪ್ಪೂ ಇಲ್ಲದೆ ಬಂತು. ಈಗ ಕಿಟಕಿಯಲ್ಲಿ ಹೋಗುತ್ತಿದ್ದದ್ದು ಅದೇ.

ಒಂದೂ ಕಾಲಿಗೆ ಅಪ್‌ಲೋಡ್ ಮುಗಿಯಿತು. ಈಗ ತಪಾಸಣೆ. ಯಾರಿಗೂ ಕಾಣದ ಹಾಗೆ ಪ್ರೈವೇಟ್ ಇಟ್ಟಿದ್ದೆ, ಪಾಸಾದ ಮೇಲೆಯೇ ಬದಲಿಸೋಣ ಅಂತ.

ಎರಡು ನಿಮಿಷಕ್ಕೊಮ್ಮೆ ನೋಡಿದೆ. ಆಮೇಲೆ ನಿಮಿಷಕ್ಕೊಮ್ಮೆ. ಬೆರಳಿನಿಂದ ಪರದೆ ಕೆಳಗೆ ಎಳೆಯುವುದು, ಅದು ಒಂದು ಸುತ್ತು ತಿರುಗುವುದು, ಮತ್ತೆ ಅದೇ ಸಾಲು ನಿಲ್ಲುವುದು. ಚಾರ್ಜ್ ಹದಿನೆಂಟಕ್ಕೆ ಇಳಿದಿತ್ತು. ನಮ್ಮ ರೂಮಿಗೆ ಕೆಲಸ ಮಾಡುವ ಪ್ಲಗ್ ಒಂದೇ, ಅದರಲ್ಲಿ ಮೆಹರು ಫೋನ್ ಇತ್ತು. ಅದು ತೊಂಬತ್ತಾರು ಆಗಿದ್ದು ನೋಡಿ ಮೆಲ್ಲಗೆ ತೆಗೆದು ನನ್ನದು ಹಚ್ಚಿದೆ. ವೈರ್ ಗಿಡ್ಡ. ಕಿಟಕಿಯ ಹತ್ತಿರವೂ ಇರಬೇಕು, ಪ್ಲಗ್ಗಿಗೂ ಮುಟ್ಟಬೇಕು, ಹಾಗಾಗಿ ನೆಲದ ಮೇಲೆ ಟ್ರಂಕಿಗೆ ಬೆನ್ನು ಕೊಟ್ಟು ಕೈ ಎತ್ತಿ ಹಿಡಿದುಕೊಂಡೇ ಇದ್ದೆ.

ನನ್ನ ಭಯ ಏನೆಂದರೆ, ರೇಣುಕಾ ಹಾಡಿದ್ದು ಅದೇ ಧಾಟಿ. ರೆಕಾರ್ಡಿಂಗ್ ಅಷ್ಟೇ ಅಲ್ಲ, ಕೆಲವು ಸಲ ಧಾಟಿಯನ್ನೂ ಗುರುತು ಹಿಡಿಯುತ್ತದೆ ಅಂತ ಅಕ್ಕ ಹೇಳಿದ್ದರು. ಗುಮ್ಮಟದ ಪಿಸುಗುಡುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಏನಾದರೂ ಅಂದರೆ ಆ ಕಡೆ ಕಿವಿ ಕೊಟ್ಟವರಿಗೆ ಕೇಳುತ್ತದಲ್ಲ, ಶಾಲೆಯಿಂದ ಕರೆದುಕೊಂಡು ಬಂದಾಗ ಗೆಳತಿ ನನ್ನ ಹೆಸರು ಹೇಳಿದ್ದು ಅಷ್ಟು ದೂರದಿಂದ ಕೇಳಿ ನಾನು ಬೆಚ್ಚಿಬಿದ್ದಿದ್ದೆ. ಇದೂ ಅಂಥದೇ ಕಿವಿ ಅನ್ನಿಸಿತು. ಇದರಿಂದ ಏನನ್ನೂ ಮುಚ್ಚಿಡಲು ಆಗುವುದಿಲ್ಲ.

2:10ಕ್ಕೆ ಬಂತು. ಕಾಪಿರೈಟ್ ಕ್ಲೇಮ್.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಆದರೆ ಒತ್ತಿ ನೋಡಿದರೆ ಹಾಡಿನ ಹೆಸರು ಬೇರೆ. ನಮ್ಮ ಪದ ಅಲ್ಲವೇ ಅಲ್ಲ, ಯಾವುದೋ ಸಿನಿಮಾ ಹಾಡು. 2:06ರಿಂದ 2:24ರವರೆಗೆ ಅಂತ ತೋರಿಸುತ್ತಿತ್ತು. ಹದಿನೆಂಟು ಸೆಕೆಂಡ್. ನಾವು ಯಾವ ಸಿನಿಮಾ ಹಾಡನ್ನೂ ಹಾಕಿಯೇ ಇಲ್ಲ!

ಇಯರ್‌ಫೋನ್ ಕಿವಿಗೆ ಒತ್ತಿಕೊಂಡು ಆ ಭಾಗ ಕೇಳಿದೆ. ರೇಣುಕಾಳ ದನಿ. ಜೋಳದ ಗರ್ರ್. ನನ್ನ ಗೆಜ್ಜೆ. ಇನ್ನೊಮ್ಮೆ ಕೇಳಿದೆ. ಏನೂ ಇಲ್ಲ. ಮೂರನೇ ಸಲ ದನಿ ಪೂರ್ತಿ ಏರಿಸಿ, ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿದಾಗ, ಎಲ್ಲೋ ಪಾತಾಳದಿಂದ ಬಂದ ಹಾಗೆ ಬ್ಯಾಂಡಿನ ದಬ್ ದಬ್, ಅದರ ಹಿಂದೆ ಲೌಡ್‌ಸ್ಪೀಕರಿನ ಹಾಡು.

ಮದುವೆ ಮೆರವಣಿಗೆ! ನೆನಪಾಯಿತು. ಕುಣಿಯುವಾಗ ಕೆಳಗೆ ಸ್ಟೇಷನ್ ರಸ್ತೆಯ ಕಡೆ ಒಂದು ಮೆರವಣಿಗೆ ಹೋಗಿತ್ತು. ನಮಗೆ ಕೇಳಿಸಲೇ ಇಲ್ಲ, ನಾವು ಪದದೊಳಗೆ ಇದ್ದೆವು.

"ರೇಣು, ಏ ರೇಣು, ಏಳ."

"ಏನಾತು?"

"ಕ್ಲೇಮ್ ಬಂದೈತಿ. ನಿನ್ನ ಹಾಡಿಗೆ ಅಲ್ಲ. ಮದಿವಿ ಹಾಡಿಗೆ."

ಅವಳು ಎದ್ದು ಕೂತಳು. ಒಂದು ಕಿವಿಗೆ ಅವಳು, ಒಂದು ಕಿವಿಗೆ ನಾನು ಹಾಕಿಕೊಂಡು ಕೇಳಿದೆವು. ಕೇಳಿ ಮುಗಿಸಿ ಅವಳು ಮೊದಲು ಅಂದದ್ದು, "ಅಂದ್ರ ನನ್ನ ಹಾಡು ಪಾಸ್ ಆಗೈತೇನ?" ಅಷ್ಟು ಹೊತ್ತು ಅವಳೂ ನಿದ್ದೆ ಮಾಡಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು.

ಆ ಹದಿನೆಂಟು ಸೆಕೆಂಡ್ ಕತ್ತರಿಸಬಹುದಿತ್ತು. ಕತ್ತರಿಸಿದರೆ ಮೊರ ಕೇರುವ ಹೆಜ್ಜೆ ನಡುವೆ ಹಾರಿಹೋಗುತ್ತದೆ. ಸದ್ದು ಮುಚ್ಚಿದರೆ ಪದವೇ ನಿಂತುಹೋಗುತ್ತದೆ. ಹಾಡನ್ನು ಮಾತ್ರ ಅಳಿಸುವ ಸೌಲಭ್ಯವೂ ಇತ್ತು, ಆದರೆ ಜೊತೆಗೆ ರೇಣುಕಾಳ ದನಿ ಹೋದರೆ? ಆ ಧೈರ್ಯ ನನಗೆ ಆಗಲಿಲ್ಲ.

ಉಳಿದದ್ದು ಎರಡನೇ ಟೇಕ್. ಅದನ್ನು ನಾನು ಬೇಡ ಅಂತ ಬಿಟ್ಟಿದ್ದೆ. ಅದರಲ್ಲಿ ಅರ್ಧಕ್ಕೆ ಸೆರಗು ಜಾರಿತ್ತು, ಕುಣಿಯುತ್ತಲೇ ಎಡಗೈಯಿಂದ ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಬಲಗೈ ಮಾತ್ರ ಬೀಸುತ್ತಲೇ ಇತ್ತು. ಅವತ್ತು ನಾಚಿಕೆಯಿಂದ ಪೂರ್ತಿ ನೋಡಿಯೂ ಇರಲಿಲ್ಲ. ಈಗ ರೇಣುಕಾಳ ಭುಜಕ್ಕೆ ಒರಗಿ ನೋಡಿದೆ. ಮೊದಲು ಮೆರವಣಿಗೆ ಸದ್ದು ಇದೆಯಾ ಅಂತ ಕೇಳಿದೆವು. ಇರಲಿಲ್ಲ. ಆಮೇಲೆ ಸೆರಗಿನ ಜಾಗ ಬಂತು.

ರೇಣುಕಾ ನಿಲ್ಲಿಸಿದಳು. ಹಿಂದೆ ತಂದು ಮತ್ತೆ ಹಚ್ಚಿದಳು.

"ಇದ ಚಲೋ ಐತಲ್ಲ ಲೇ," ಅಂದಳು.

ನಾನು ಏನೂ ಅನ್ನಲಿಲ್ಲ. ಆಯಿ ಬೀಸುವಾಗ ಹೀಗೇ ಮಾಡುತ್ತಿದ್ದಳು. ಕಲ್ಲು ನಿಲ್ಲಿಸುತ್ತಿರಲಿಲ್ಲ, ಗೂಟ ಹಿಡಿದ ಕೈ ಬಿಡುತ್ತಿರಲಿಲ್ಲ, ಇನ್ನೊಂದು ಕೈಯಿಂದ ಸೆರಗು ಸಿಕ್ಕಿಸಿಕೊಂಡು, ಅದೇ ಕೈಯಿಂದ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುತ್ತಿದ್ದಳು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಈ ಫೈಲ್ 790 ಎಂಬಿ. ಮೊದಲಿನ 840 ಹೋಗಿತ್ತು, ಎರಡೂ ಕೂಡಿದರೆ ಒಂದೂವರೆ ಜಿಬಿ ದಾಟುತ್ತದೆ. ಮೆಹರುವನ್ನು ಎಬ್ಬಿಸಲೇಬೇಕಾಯಿತು. ಅವಳಿಗೆ ಬೆಳಿಗ್ಗೆ ಇಂಟರ್ನಲ್ಸ್ ಇತ್ತು, ಪಾಪ. ಏನು, ಯಾಕೆ ಅಂತ ಕೇಳಲಿಲ್ಲ. ಬೆರಳು ಒತ್ತಿ ಲಾಕ್ ತೆಗೆದು, ಹಾಟ್‌ಸ್ಪಾಟ್ ಹಚ್ಚಿ, ಫೋನ್ ನನ್ನ ಕೈಗಿಟ್ಟು, "ಪೂರಾ ಖಾಲಿ ಮಾಡ, ಚಿಂತಿಲ್ಲ" ಅಂತ ಮತ್ತೆ ಮಗ್ಗಲಾದಳು.

ಎರಡು ಫೋನ್ ಹಿಡಿದು ಮಾಳಿಗೆ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ. ಕೊನೆಯ ಮೆಟ್ಟಿಲ ಮೇಲೆ ಕೂತರೆ ಮೂರು ಕಡ್ಡಿ ಸಿಗ್ನಲ್ ಸಿಕ್ಕಿತು. 2:50ಕ್ಕೆ ಶುರುವಾಯಿತು. ಒಂದು ರೈಲು ಹೋದದ್ದು ಕೇಳಿಸಿತು. ಬಾಗಿಲ ಸಂದಿಯಿಂದ ಬಿಸಿ ಹೋಗಿ ಸ್ವಲ್ಪ ತಂಪು ಗಾಳಿ ಬರತೊಡಗಿತು. ನಾಲ್ಕರ ಸುಮಾರಿಗೆ ತೊಂಬತ್ತೊಂದು ಪರ್ಸೆಂಟ್ ಇತ್ತು, ಅಲ್ಲೇ ಗೋಡೆಗೆ ತಲೆ ಕೊಟ್ಟು ನಿದ್ದೆ ಹೋದೆ.

ಎಚ್ಚರವಾದದ್ದು ಅಜಾನ್ ಕೇಳಿ. ಅಪ್‌ಲೋಡ್ ಮುಗಿದಿತ್ತು, ತಪಾಸಣೆ ನಡೆದಿತ್ತು. ಐದೂವರೆ. ಆರು. ಆರೂ ಹತ್ತು. ಕೆಳಗೆ ನೀರಿನ ಪಾಳಿ ಶುರುವಾಯಿತು, ಬಕೆಟ್‌ಗಳ ಸದ್ದು. ತಡ ಮಾಡಿದರೆ ನೀರು ಹೋಗುತ್ತದೆ. ಫೋನ್ ರೇಣುಕಾಳ ಕೈಗೆ ಕೊಟ್ಟು, "ಎಳೀತಾ ಇರು" ಅಂತ ಹೇಳಿ ಬಕೆಟ್ ಹಿಡಿದು ನಿಂತೆ.

ನನ್ನ ಮುಂದೆ ಇನ್ನೂ ನಾಲ್ಕು ಬಕೆಟ್ ಇದ್ದವು. ಮೇಲಿನ ವರಾಂಡದಿಂದ ರೇಣುಕಾ ಕಟಾಂಜನದ ಮೇಲೆ ಬಗ್ಗಿದಳು. ಮಾತಾಡಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಅಷ್ಟು ದೂರದಿಂದ ಅಕ್ಷರ ಎಲ್ಲಿ ಕಾಣಬೇಕು?

"ಓದ!" ಅಂತ ಕೂಗಿದೆ.

ಅವಳು ಒಂದೊಂದೇ ಪದ ಬಿಡಿಸಿ ಓದಿದಳು, ಪದ ಹಾಡುವವಳ ಆ ದೊಡ್ಡ ದನಿಯಲ್ಲಿ, ಪಾಳಿಯಲ್ಲಿ ನಿಂತವರೆಲ್ಲ ತಲೆ ಎತ್ತಿ ನೋಡುವ ಹಾಗೆ.

"No issues found!"

ನನ್ನ ಬಕೆಟ್ ಅಲ್ಲೇ ಬಿಟ್ಟು ಮೆಟ್ಟಿಲ ಕಡೆ ಓಡಿದೆ.