ವಿಷಯ: ನವೆಂಬರ್ 1ರ ಹಾಲು ಶೇಖರಣೆ ವರದಿ ತಡವಾದದ್ದಕ್ಕೆ ಕ್ಷಮೆ, ಕಾರಣ ಮತ್ತು ಸರಿಪಡಿಸಿದ ವಿವರ

ಗೆ: ಪ್ರಧಾನ ವ್ಯವಸ್ಥಾಪಕರು, ಶೇಖರಣೆ ವಿಭಾಗ
ಪ್ರತಿ: ಲೆಕ್ಕಪತ್ರ ವಿಭಾಗ, ಗಣಕ ವಿಭಾಗ
ದಿನಾಂಕ: 3 ನವೆಂಬರ್ 2025

ಮಾನ್ಯರೇ,

ಭಾನುವಾರ, ನವೆಂಬರ್ 2ರಂದು ಬೆಳಿಗ್ಗೆ 6:00ಕ್ಕೆ ತಮಗೆ ತಲುಪಬೇಕಿದ್ದ ಮಾರ್ಗವಾರು ಶೇಖರಣೆ ವರದಿ 10:05ಕ್ಕೆ ತಲುಪಿತು. 8:00ಕ್ಕೆ ಸಿಗಬೇಕಿದ್ದ ಅಕ್ಟೋಬರ್ ಎರಡನೇ ಪಕ್ಷದ ಬಟವಾಡೆ ಪಟ್ಟಿ ಸಿಕ್ಕಿದ್ದು 10:50ಕ್ಕೆ. ಇವೆರಡೂ ತಲುಪುವ ಮೊದಲೇ, 7:22ಕ್ಕೆ, ಎಲ್ಲ ಸಂಘಗಳಿಗೂ 0 ಲೀಟರ್ ತೋರಿಸುವ ವರದಿಯೊಂದು ನಮ್ಮಿಂದ ಹೋಗಿದೆ. ಟ್ಯಾಂಕರ್‌ಗಳನ್ನು ಹೊಂದಿಸುವ ಹೊತ್ತಿನಲ್ಲಿ ತಮ್ಮ ಸಿಬ್ಬಂದಿ ಬಿಎಂಸಿ ಕೇಂದ್ರಗಳಿಗೆ ಒಂದೊಂದಾಗಿ ಫೋನ್ ಮಾಡಿ ಲೀಟರ್ ಕೇಳಬೇಕಾಯಿತು. ಹೊಣೆ ಪೂರ್ತಿ ನಮ್ಮದು. ಕ್ಷಮೆ ಕೋರುತ್ತೇವೆ.

ಮೊದಲು ತಮ್ಮಿಂದ ಆಗಬೇಕಾದ ಒಂದು ಕೆಲಸ: `procurement_20251101_0722.xlsx` ಕಡತವನ್ನು ಅಳಿಸಿಬಿಡಿ, ಬೇರೆಯವರಿಗೆ ಕಳಿಸಿದ್ದರೆ ಅವರಿಗೂ ತಿಳಿಸಿ. ಸರಿಯಾದದ್ದು `procurement_20251101_1005.xlsx`.

ಡೇಟಾ ಯಾವುದೂ ಕಳೆದಿಲ್ಲ. 1,140 ಸಂಘಗಳ ಎರಡು ಪಾಳಿಗೆ ಬರಬೇಕಾದ 2,280 ಕಡತಗಳಲ್ಲಿ 2,273 ಬಂದಿದ್ದವು. ಅವುಗಳಲ್ಲಿನ ಒಟ್ಟು 7,42,318.4 ಲೀಟರ್, ಡೇಟಾಬೇಸಿನ ಮೊತ್ತದೊಂದಿಗೆ ತಾಳೆಯಾಗಿದೆ. ಫ್ಯಾಟ್, ಎಸ್‌ಎನ್‌ಎಫ್ ಅಂಕಿಗಳನ್ನೂ ಸಂಘವಾರು ಹೋಲಿಸಿದ್ದೇವೆ. ಉಳಿದ 7 ಕಡತಗಳು ಸಂಘಗಳಿಂದಲೇ ಬಂದಿಲ್ಲ. ಅದಕ್ಕೂ ಈ ತೊಂದರೆಗೂ ಸಂಬಂಧವಿಲ್ಲ, ಪಟ್ಟಿ ಲಗತ್ತಿಸಿದೆ.

ಆಗಿದ್ದೇನು

ಶೇಖರಣೆಯ ಕೋಷ್ಟಕವನ್ನು ತಿಂಗಳಿಗೊಂದು ಭಾಗವಾಗಿ ವಿಂಗಡಿಸಿ ಇಟ್ಟಿದ್ದೇವೆ. ಮುಂದಿನ ಮೂರು ತಿಂಗಳ ಭಾಗಗಳನ್ನು ಮೊದಲೇ ಸೃಷ್ಟಿಸಿಡುವ ಸ್ಕ್ರಿಪ್ಟ್ ಹಳೆಯ ಸರ್ವರಿನ ಕ್ರಾನ್‌ನಲ್ಲಿ, ಅಂದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಶುರುಮಾಡುವ ವ್ಯವಸ್ಥೆಯಲ್ಲಿ, ಓಡುತ್ತಿತ್ತು. ಜುಲೈನಲ್ಲಿ ಹೊಸ ಸರ್ವರಿಗೆ ಹೋದಾಗ ಡೇಟಾಬೇಸ್ ಬಂತು, ಆ ಕ್ರಾನ್ ಸಾಲು ಬರಲಿಲ್ಲ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಭಾಗಗಳು ಅಷ್ಟರಲ್ಲಿ ತಯಾರಿದ್ದುದರಿಂದ ಮೂರು ತಿಂಗಳು ಯಾರಿಗೂ ಸುಳಿವು ಸಿಗಲಿಲ್ಲ. ನವೆಂಬರಿನ ಮೊದಲ ಸಾಲು ಸೇರಿಸಲು ಹೋದಾಗ, 2:14ಕ್ಕೆ, ಬಂದದ್ದು ಇದು:

```
ERROR:  no partition of relation "milk_collection" found for row
```

ಅರ್ಧ ಗಂಟೆಗೊಮ್ಮೆ ಇನ್ನೂ ಮೂರು ಬಾರಿ ಅದೇ ಕೆಲಸ ಮರುಚಾಲನೆಗೊಂಡು ಅದೇ ಕಡೆ ನಿಂತಿತು. ನೆಟ್‌ವರ್ಕ್ ಕೈಕೊಟ್ಟಾಗ ಮರುಯತ್ನ ಉಪಯೋಗಕ್ಕೆ ಬರುತ್ತದೆ, ಇಂಥ ದೋಷಕ್ಕೆ ಬರೀ ಸಮಯ ವ್ಯರ್ಥ. ನಮ್ಮ ಎಚ್ಚರಿಕೆಯನ್ನು ಕೊನೆಯ ಯತ್ನವೂ ಸೋತ ಮೇಲಷ್ಟೇ ಹೋಗುವಂತೆ ಹೊಂದಿಸಲಾಗಿತ್ತು. 3:46ಕ್ಕೆ ಅದು ಇಮೇಲ್ ಆಗಿ ಹೋಯಿತು, ಭಾನುವಾರ ನಸುಕಿನಲ್ಲಿ ನೋಡುವವರಿರಲಿಲ್ಲ. 6:25ಕ್ಕೆ ತಮ್ಮ ಕಚೇರಿಯಿಂದ ಫೋನ್ ಬಂದ ಮೇಲೆಯೇ ನಮಗೆ ತಿಳಿದದ್ದು. ಹಾಗಾಗಬಾರದಿತ್ತು.

6:52ಕ್ಕೆ ನವೆಂಬರ್ ಭಾಗ ಸೃಷ್ಟಿಸಿದೆವು:

```sql
CREATE TABLE milk_collection_2025_11
  PARTITION OF milk_collection
  FOR VALUES FROM ('2025-11-01') TO ('2025-12-01');
```

0 ಲೀಟರ್ ವರದಿಯ ಮೂಲ ಇದಾದ ಮೇಲಿನ ಅವಸರ. ಸೋತ ಹಂತವನ್ನಷ್ಟೇ ಓಡಿಸುವ ಬದಲು ಇಡೀ ಸರಣಿಯನ್ನು ಮೊದಲಿಂದ ಓಡಿಸಿದೆವು. ಮೊದಲ ಹಂತ ತಾತ್ಕಾಲಿಕ ಕೋಷ್ಟಕವನ್ನು ಖಾಲಿ ಮಾಡಿ, ಬಂದ ಕಡತಗಳಿಂದ ಮತ್ತೆ ತುಂಬುತ್ತದೆ. ಆದರೆ ಕಡತಗಳು ರಾತ್ರಿಯೇ ಆರ್ಕೈವ್‌ಗೆ ಹೋಗಿದ್ದವು. ತುಂಬಲು ಏನೂ ಇರಲಿಲ್ಲ, ದೋಷವೂ ಬರಲಿಲ್ಲ, ಖಾಲಿ ವರದಿ ತಾನಾಗಿ ಹೊರಟಿತು. ಇದು ಗೊತ್ತಾದ ಮೇಲೆ ಕಡತಗಳನ್ನು ಹಿಂದಕ್ಕೆ ತಂದು 8:05ಕ್ಕೆ ಮರುಚಾಲನೆ ಮಾಡಿ, ತಾಳೆ ನೋಡಿದ ನಂತರವೇ ಕಳಿಸಿದೆವು.

ಬಟವಾಡೆ ಪಟ್ಟಿಗೆ ಬೇಕಿದ್ದ ಅಕ್ಟೋಬರ್ ಡೇಟಾ ಸರಿಯಾಗಿಯೇ ಇತ್ತು. ಅದೇ ಸರಣಿಯಲ್ಲಿ ಹಿಂದೆ ನಿಂತಿದ್ದಕ್ಕೆ ಸುಮ್ಮನೆ ತಡವಾಯಿತು.

ಈಗ ಬದಲಾಗಿರುವುದು

ಭಾಗ ಸೃಷ್ಟಿಸುವ ಕೆಲಸ ಈಗ ಕ್ರಾನ್‌ನಲ್ಲಿಲ್ಲ, ರಾತ್ರಿಯ ಸರಣಿಯ ಮೊದಲ ಹಂತವಾಗಿದೆ. ಡಿಸೆಂಬರ್, ಜನವರಿ, ಫೆಬ್ರವರಿ ಭಾಗಗಳು ಸಿದ್ಧವಾಗಿವೆ. ಮುಂದಿನ ಎರಡು ತಿಂಗಳಿಗೆ ಭಾಗವಿಲ್ಲದಿದ್ದರೆ ಆ ದಿನವೇ ಎಚ್ಚರಿಕೆ ಬರುತ್ತದೆ. ಎಲ್ಲಕ್ಕೂ ಒಂದು ಡೀಫಾಲ್ಟ್ ಭಾಗ ಇಟ್ಟುಬಿಡಬಹುದಲ್ಲವೇ ಎಂದು ತಮ್ಮ ಗಣಕ ವಿಭಾಗ ಕೇಳಿತ್ತು. ಬೇಕೆಂದೇ ಇಟ್ಟಿಲ್ಲ: ಅದರಲ್ಲಿ ನವೆಂಬರಿನ ಸಾಲುಗಳು ಕೂತರೆ, ಅವನ್ನು ತೆಗೆಯುವವರೆಗೆ ನವೆಂಬರ್ ಭಾಗ ಸೃಷ್ಟಿಸಲು ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಮೊದಲ ಸೋಲಿಗೇ ಪಾಳಿಯ ಎಂಜಿನಿಯರ್ ಫೋನಿಗೆ ಕರೆ ಹೋಗುತ್ತದೆ, 10 ನಿಮಿಷದಲ್ಲಿ ಎತ್ತದಿದ್ದರೆ ಮೇಲಿನವರಿಗೆ. ಸಾಲುಗಳ ಸಂಖ್ಯೆ ಹಿಂದಿನ 7 ದಿನಗಳ ಸರಾಸರಿಯ 90%ಗಿಂತ ಕಡಿಮೆಯಿದ್ದರೆ ವರದಿ ಹೊರಗೆ ಹೋಗುವುದಿಲ್ಲ. ಈ ಎರಡೂ ನಿನ್ನೆ ರಾತ್ರಿಯಿಂದಲೇ ಜಾರಿಯಲ್ಲಿವೆ, ಇಂದಿನ ವರದಿ 5:41ಕ್ಕೆ ಹೋಗಿದೆ.

ಬಾಕಿ ಇರುವುದು ಎರಡು. ಡೇಟಾಬೇಸಿಗೆ ಸೇರಿದ ಮೇಲಷ್ಟೇ ಕಡತ ಆರ್ಕೈವ್‌ಗೆ ಹೋಗುವ ಬದಲಾವಣೆ ನವೆಂಬರ್ 7ರೊಳಗೆ; ಬಟವಾಡೆ ಪಟ್ಟಿಯನ್ನು ಪ್ರತ್ಯೇಕ ಸರಣಿಗೆ ಒಯ್ಯುವುದು ನವೆಂಬರ್ 14ರೊಳಗೆ, ಅಂದರೆ ಮುಂದಿನ ಬಟವಾಡೆಗೆ ಮೊದಲು. ಹಳೆಯ ಸರ್ವರಿನ ಉಳಿದ ಕ್ರಾನ್ ಸಾಲುಗಳನ್ನೂ ಪರಿಶೀಲಿಸಿದ್ದೇವೆ, ಬಿಟ್ಟುಹೋದದ್ದು ಇದೊಂದೇ.

ಒಪ್ಪಂದದಂತೆ ನವೆಂಬರ್ ಶುಲ್ಕದಲ್ಲಿ 5% ಕಡಿತವಾಗುತ್ತದೆ. ತಾವು ಬೇರೆ ಅರ್ಜಿ ಕೊಡಬೇಕಿಲ್ಲ. ಡಿಸೆಂಬರ್ 1ರ ಡೇಟಾ ಸೇರುವ ರಾತ್ರಿ ನಮ್ಮ ಎಂಜಿನಿಯರ್ ಒಬ್ಬರು ವರದಿ ತಲುಪುವವರೆಗೂ ಎಚ್ಚರವಿದ್ದು, 6:00ಕ್ಕೆ ತಮ್ಮ ಶೇಖರಣೆ ವಿಭಾಗಕ್ಕೆ ಫೋನ್ ಮಾಡಿ ಖಚಿತಪಡಿಸುತ್ತಾರೆ.

ವಂದನೆಗಳೊಂದಿಗೆ,
ಮುಖ್ಯಸ್ಥರು, ಡೇಟಾ ಕಾರ್ಯಾಚರಣೆ ವಿಭಾಗ

ಲಗತ್ತು: ಸಂಘವಾರು ತಾಳೆ ಪಟ್ಟಿ; ಕಡತ ಬಾರದ 7 ಪಾಳಿಗಳ ವಿವರ