ಒಂದೇ ಮೇಜಿನ ಸುತ್ತ ಎರಡು ತಲೆಮಾರು: ಬಡಾವಣೆಯೊಂದರ ಸಮುದಾಯ ಗ್ರಂಥಾಲಯದ ಪ್ರಕರಣ ಅಧ್ಯಯನ ವರದಿ

ನಿವಾಸಿಗಳೇ ಸರದಿಯ ಮೇಲೆ ನಡೆಸುತ್ತಿರುವ ಈ ಗ್ರಂಥಾಲಯದಲ್ಲಿ ಹಿರಿಯರು ಮತ್ತು ಕಿರಿಯರು ಒಂದೇ ಜಾಗವನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಅರಿಯುವುದು ಅಧ್ಯಯನದ ಉದ್ದೇಶ. ಬೆಳಗಿನ ಮತ್ತು ಸಂಜೆಯ ವೇಳೆಯಲ್ಲಿ ಓದುಗರ ನಡುವೆಯೇ ಕುಳಿತು ಗಮನಿಸಿದ್ದು, ಓದುಗರೊಡನೆ ನಡೆಸಿದ ಮಾತುಕತೆ ಹಾಗೂ ಎರವಲು ರಿಜಿಸ್ಟರಿನ ನಮೂದುಗಳು ಈ ವರದಿಗೆ ಆಧಾರ.

ಗ್ರಂಥಾಲಯ ಇರುವುದು ಎರಡು ಕೋಣೆಗಳಲ್ಲಿ. ಆರಂಭದಲ್ಲಿ ಒಳಕೋಣೆ ಮಕ್ಕಳಿಗೆ, ಹೊರಕೋಣೆ ದಿನಪತ್ರಿಕೆ ಓದುವ ಹಿರಿಯರಿಗೆ ಎಂದು ಗೊತ್ತುಮಾಡಲಾಗಿತ್ತು. ಗದ್ದಲದ ದೂರು ಬರಲಿಲ್ಲವಾದರೂ ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯವರ ಪರಿಚಯವೂ ಆಗಲಿಲ್ಲ. ಮಳೆಗಾಲದಲ್ಲಿ ಒಳಕೋಣೆಯ ಗೋಡೆ ಒದ್ದೆಯಾಗಿ, ಮಕ್ಕಳ ಪುಸ್ತಕಗಳ ಕಪಾಟನ್ನು ಪತ್ರಿಕೆಗಳ ಮೇಜಿನ ಪಕ್ಕಕ್ಕೆ ತಂದಿಡಬೇಕಾಯಿತು. ಗೋಡೆ ಒಣಗಿದ ಮೇಲೂ ಕಪಾಟನ್ನು ಹಿಂದಕ್ಕೆ ಒಯ್ಯುವುದು ಬೇಡವೆಂದು ಮೊದಲು ಹೇಳಿದವರು ಹಿರಿಯರೇ.

ಈ ಬದಲಾವಣೆಯ ಪರಿಣಾಮವನ್ನು ಸಣ್ಣ ಘಟನೆಯೊಂದರಲ್ಲಿ ಸ್ಪಷ್ಟವಾಗಿ ಕಾಣಬಹುದು. ಭೂತಗನ್ನಡಿ ಹಿಡಿದು ಪತ್ರಿಕೆಯ ಸಣ್ಣ ಅಕ್ಷರಗಳನ್ನು ಓದಲು ಪ್ರಯಾಸಪಡುತ್ತಿದ್ದ ವೃದ್ಧರೊಬ್ಬರು ಪಕ್ಕದಲ್ಲಿದ್ದ ಹುಡುಗಿಗೆ, "ಇದೊಂದು ಸಾಲು ಓದಿ ಹೇಳ್ತೀಯಾ, ಮಗು?" ಎಂದರು. ಅವಳು ಒಂದು ಒತ್ತಕ್ಷರದ ಬಳಿ ತಡವರಿಸಿದಾಗ, ಅವರು ಪತ್ರಿಕೆಯ ಅಂಚಿನಲ್ಲಿ ಆ ಪದವನ್ನು ಬಿಡಿಸಿ ಬರೆದು ತೋರಿಸಿದರು. ಕಣ್ಣು ಮಂಜಾದವರಿಗೆ ಭಾಷೆ ಗೊತ್ತಿತ್ತು, ಕಣ್ಣು ಚುರುಕಾಗಿದ್ದವಳಿಗೆ ಅದು ಇನ್ನೂ ಬರಬೇಕಿತ್ತು. ಇಂಥ ಕೊಡುಕೊಳ್ಳುವಿಕೆಯನ್ನು ಯಾವ ವಿಶೇಷ ಕಾರ್ಯಕ್ರಮವೂ ಇಷ್ಟು ಸಹಜವಾಗಿ ಏರ್ಪಡಿಸಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ಸಮಾನ ಸೇವೆ ದೊರೆಯಬೇಕೆಂದು ಸಾರ್ವಜನಿಕ ಗ್ರಂಥಾಲಯಗಳ ಕುರಿತ ಯುನೆಸ್ಕೋ ಪ್ರಣಾಳಿಕೆ ಹೇಳುತ್ತದೆ. ಆದರೆ ಸಮಾನ ಸೇವೆಯೆಂದರೆ ಒಂದೇ ಬಗೆಯ ಸೇವೆಯಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಪರೀಕ್ಷೆಗೆ ಓದುವ ಹುಡುಗರಿಗೆ ಇದು ಅಕ್ಷರಶಃ ಅನ್ವಯಿಸುತ್ತದೆ. ಬೆಳಗ್ಗೆ ಬರುವ ಹಿರಿಯರಿಗಾದರೋ ಬೇಕಿರುವುದು ಆ ಸಮಯವನ್ನು ಯಾರೊಂದಿಗಾದರೂ ಕಳೆಯುವ ಅವಕಾಶ.

ತಿಕ್ಕಾಟ ಇರುವುದೂ ಇಲ್ಲಿಯೇ. ದೊಡ್ಡ ದನಿಯ ಚರ್ಚೆಯಿಂದ ಓದು ಕೆಡುತ್ತದೆಂದು ಕಾಲೇಜು ವಿದ್ಯಾರ್ಥಿಗಳು ದೂರಿದಾಗ, ಕೆಲವು ಹಿರಿಯರು ನೊಂದು ಬರುವುದನ್ನೇ ನಿಲ್ಲಿಸಿದ್ದರು. ಒಣಗಿದ ಒಳಕೋಣೆಯನ್ನು ಮೌನ ವಾಚನಕ್ಕೆ ಬಿಟ್ಟುಕೊಟ್ಟ ಮೇಲೆ ಹೆಚ್ಚಿನವರು ಮರಳಿದರು. ಈಗ ಕೋಣೆಗಳು ಬೇರೆಯಾಗಿರುವುದು ವಯಸ್ಸಿನಿಂದಲ್ಲ, ಓದುವ ರೀತಿಯಿಂದ. ಒಳಗೆ ಮೌನವಾಗಿ ಓದುವ ಅಜ್ಜಿಯರೂ ಇದ್ದಾರೆ.

ಮೇಜಿನ ಮೇಲೆ ಬೆಳಕು ಸಾಲದು. ದೊಡ್ಡ ಅಕ್ಷರದ ಪುಸ್ತಕಗಳು ಬೆರಳೆಣಿಕೆಯಷ್ಟಿವೆ. ಮುಂದಿನ ಖರೀದಿಯಲ್ಲಿ ಇವೆರಡಕ್ಕೂ ಆದ್ಯತೆ ನೀಡಬೇಕು, ಮತ್ತು ಯಾವ ಕಾರಣಕ್ಕೂ ಮಕ್ಕಳ ಕಪಾಟನ್ನು ಪತ್ರಿಕೆಯ ಮೇಜಿನಿಂದ ದೂರ ಸರಿಸಬಾರದು ಎಂದು ಸಮಿತಿಗೆ ಶಿಫಾರಸು ಮಾಡಲಾಗಿದೆ.