ನದಿ ದಾಟಿದ ಊರು: ಎರಡು ನಕ್ಷೆಗಳ ವಿವರಣೆ

ಒಂದೇ ಊರಿನ ಎರಡು ನಕ್ಷೆಗಳು ಇಲ್ಲಿವೆ. ನಡುವೆ 30 ವರ್ಷಗಳ ಅಂತರ. ಎರಡರಲ್ಲೂ ಉತ್ತರ ಮೇಲಕ್ಕಿದೆ, ಅಳತೆ 1:10,000. ಅಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 100 ಮೀಟರ್.

ಹಳೆಯ ನಕ್ಷೆಯಲ್ಲಿ ಊರೆಲ್ಲ ನದಿಯ ಉತ್ತರಕ್ಕೇ ಇತ್ತು. ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಉತ್ತರದ ತುದಿಯಲ್ಲಿ ರೈಲು ನಿಲ್ದಾಣ. ಅಲ್ಲಿಂದ ಮುಖ್ಯ ಬೀದಿ ನೇರ ದಕ್ಷಿಣಕ್ಕೆ ಇಳಿದು, 1.2 ಕಿ.ಮೀ. ದೂರದಲ್ಲಿ ದೋಣಿಗಟ್ಟದ ಮೆಟ್ಟಿಲುಗಳಿಗೆ ಬಂದು ಮುಗಿಯುತ್ತಿತ್ತು. ಬೀದಿಯ ಸರಿಯಾಗಿ ನಡುವೆ ಮಾರುಕಟ್ಟೆ. ಬೀದಿಯ ಪಶ್ಚಿಮಕ್ಕೆ ಕೆರೆ, ಪೂರ್ವಕ್ಕೆ ಮನೆಗಳು, ಆಗ್ನೇಯಕ್ಕೆ ನದಿಗೆ ಅಂಟಿಕೊಂಡಂತೆ ಒಂದು ಕಾರ್ಖಾನೆ. ನದಿಯಾಚೆ ಬರೀ ಹೊಲ.

ಹೊಸ ನಕ್ಷೆಯಲ್ಲಿ ಕಣ್ಣು ಮೊದಲು ಹೋಗುವುದು ಸೇತುವೆಯ ಮೇಲೆ. ದೋಣಿಗಟ್ಟದ ಪೂರ್ವಕ್ಕೆ ತಾಗಿಕೊಂಡೇ ಇದೆ. ಮುಖ್ಯ ಬೀದಿ ಕೊನೆಯಲ್ಲಿ ತುಸು ಎಡಕ್ಕೆ ಹೊರಳಿ ಸೇತುವೆ ಹತ್ತುತ್ತದೆ, 100 ಮೀಟರ್ ಅಗಲದ ನದಿ ದಾಟಿ ಮತ್ತೆ 900 ಮೀಟರ್ ದಕ್ಷಿಣಕ್ಕೆ ಸಾಗಿ ಬೈಪಾಸ್ ಸೇರುತ್ತದೆ. ಹೊಲಗಳಿದ್ದ ಕಡೆ ಈಗ ಬಡಾವಣೆ.

ಇಲ್ಲಿ ಸುಮ್ನೆ ಒಂದು ಲೆಕ್ಕ ಹಾಕಿ. ಊರಿನ ಉದ್ದ 1.2 ಕಿ.ಮೀ. ಇದ್ದದ್ದು 2.2 ಆಯಿತು. ಹಾಗಾದರೆ ಅದರ ನಡು ನಿಲ್ದಾಣದಿಂದ 1.1 ಕಿ.ಮೀ. ದೂರಕ್ಕೆ, ಹೆಚ್ಚುಕಡಿಮೆ ನದಿಯ ದಂಡೆಗೇ ಬಂತು ಅಲ್ವಾ? ಅಂಗಡಿಗಳನ್ನು ತೋರಿಸುವ ಕೆಂಪು ಬಣ್ಣವೂ ಅಷ್ಟೇ ದೂರ ಕೆಳಗಿಳಿದು ಸೇತುವೆಯ ಬಾಯಿಯಲ್ಲಿ ಗುಂಪುಗೂಡಿದೆ. ಹಳೆಯ ಮಾರುಕಟ್ಟೆಯ ಜಾಗದಲ್ಲಿ ವಾಹನ ನಿಲುಗಡೆ ಇದೆ.

ಕಾರ್ಖಾನೆ ಹೋಗಿ ಉದ್ಯಾನ ಬಂದಿದೆ. ನಿಲ್ದಾಣ ಇದ್ದಲ್ಲೇ ಇದೆ.

ಕೆರೆಯ ಕಥೆ ಬೇರೆ. ಅದರ ಉತ್ತರದ ಅರ್ಧ ಮಾತ್ರ ಉಳಿದಿದೆ, ದಕ್ಷಿಣದ ಅರ್ಧದ ಮೇಲೆ ಬಸ್ ನಿಲ್ದಾಣ ಕೂತಿದೆ. ಹಳೆಯ ನಕ್ಷೆಯಲ್ಲಿ ಕೆರೆಯ ತೂಬಿನಿಂದ ಹೊರಟ ಕಾಲುವೆ ದಕ್ಷಿಣಕ್ಕೆ ಹರಿದು ನದಿ ಸೇರುತ್ತಿತ್ತು. ಹೊಸದರಲ್ಲಿ ಆ ನೀಲಿ ಗೆರೆ ಇಲ್ಲ. ಆದರೆ ಎತ್ತರ ತೋರಿಸುವ ಕಂದು ಗೆರೆಗಳು ಬದಲಾಗಿಲ್ಲ: ನೆಲ ಈಗಲೂ ಬಸ್ ನಿಲ್ದಾಣದ ಕಡೆಗೇ ಇಳಿಯುತ್ತದೆ. ಜೋರು ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ.

ಸೇತುವೆಯ ಪಶ್ಚಿಮ ಬದಿಯಲ್ಲಿ ಹತ್ತಿರ ಹೋಗಿ ನೋಡಿದರೆ ಮೂರು ಪುಟ್ಟ ಅಡ್ಡಗೆರೆಗಳು ಕಾಣುತ್ತವೆ. ದೋಣಿಯ ಗುರುತು ಅಳಿಸಿದ್ದಾರೆ, ಮೆಟ್ಟಿಲುಗಳನ್ನು ಹಾಗೇ ಬಿಟ್ಟಿದ್ದಾರೆ.